ಗೇಜಿನ ಮುಖ ಅಳೆಯುವ ಬೆಳಕಿನ ಪಟ್ಟೆಗಳು

ಯಂತ್ರಕಾರ್ಖಾನೆಗಳಲ್ಲಿ ಅಳತೆಯ ಆಧಾರವಾಗಿ ಬಳಸುವ ಉಕ್ಕಿನ ತುಂಡುಗಳಿಗೆ ಸ್ಲಿಪ್ ಗೇಜ್ ಎನ್ನುತ್ತಾರೆ. ಬೇಕಾದ ಉದ್ದ ಸಿಗುವಂತೆ ಹಲವು ಗೇಜುಗಳನ್ನು ಒಂದಕ್ಕೊಂದು ಒತ್ತಿ ಜಾರಿಸಿ ಅಂಟಿಸುತ್ತಾರೆ. ಮುಖಗಳು ಸಮತಟ್ಟಾಗಿದ್ದರೆ ಮಾತ್ರ ಅವು ಹೀಗೆ ಅಂಟುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇಲ್ಲಿ ಹಿಡಿಯಬೇಕಾದ ಉಬ್ಬುತಗ್ಗು ಅದರ ಹತ್ತನೇ ಒಂದು ಪಾಲಿನಷ್ಟು. ಅಷ್ಟು ಸಣ್ಣ ದೋಷವನ್ನು ಕಣ್ಣಿಗೆ ಕಾಣಿಸುವ ಸಾಧನ ಆಪ್ಟಿಕಲ್ ಫ್ಲ್ಯಾಟ್.

ಇದು ಸ್ಫಟಿಕಶಿಲೆಯನ್ನು ಕರಗಿಸಿ ತಯಾರಿಸಿದ ಕ್ವಾರ್ಟ್ಜ್ ಗಾಜಿನ ಅಥವಾ ಬೋರೋಸಿಲಿಕೇಟ್ ಗಾಜಿನ ದಪ್ಪ ಬಿಲ್ಲೆ. ಅದರ ಒಂದು ಮುಖವನ್ನಾದರೂ ಅತ್ಯಂತ ಸಮತಟ್ಟಾಗಿ ಉಜ್ಜಿ ಹೊಳಪು ಕೊಟ್ಟಿರುತ್ತಾರೆ. ಆ ಮುಖವನ್ನು ಗೇಜಿನ ಮೇಲಿಟ್ಟಾಗ ಎರಡರ ನಡುವೆ ತೆಳುವಾದ ಗಾಳಿಯ ಪದರ ಉಳಿಯುತ್ತದೆ. ಮೇಲಿನಿಂದ ಬಿದ್ದ ಬೆಳಕಿನ ಒಂದು ಭಾಗ ಗಾಜಿನ ಕೆಳಮುಖದಿಂದಲೇ ಹಿಂದಿರುಗುತ್ತದೆ. ಇನ್ನೊಂದು ಭಾಗ ಗಾಳಿಯ ಪದರ ದಾಟಿ, ಉಕ್ಕಿನಿಂದ ಪ್ರತಿಫಲಿಸಿ ಬರುತ್ತದೆ. ಈ ಎರಡರ ಅಲೆಗಳು ಒಂದನ್ನೊಂದು ಬಲಪಡಿಸಿದ ಕಡೆ ಬೆಳಕು, ಅಳಿಸಿಹಾಕಿದ ಕಡೆ ಕಪ್ಪು ಪಟ್ಟೆ ಕಾಣುತ್ತದೆ. ಎರಡನೆಯ ಕಿರಣ ಪದರವನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ದಾಟುವುದರಿಂದ, ಗಾಳಿಯ ದಪ್ಪ ಅರ್ಧ ತರಂಗಾಂತರದಷ್ಟು ಹೆಚ್ಚಿದಾಗಲೆಲ್ಲ ಹೊಸದೊಂದು ಕಪ್ಪು ಪಟ್ಟೆ ಮೂಡುತ್ತದೆ.

ಬಿಳಿ ಬೆಳಕಿನಲ್ಲಿ ಪ್ರತಿ ಬಣ್ಣವೂ ತನ್ನದೇ ಅಂತರದಲ್ಲಿ ಪಟ್ಟೆ ಮೂಡಿಸುವುದರಿಂದ, ಸ್ಪರ್ಶದ ಜಾಗದ ಬಳಿ ಕೆಲವು ಬಣ್ಣದ ಪಟ್ಟೆಗಳು ಕಂಡು ಉಳಿದವು ಕಲಸಿಹೋಗುತ್ತವೆ. ಅದಕ್ಕಾಗಿ ಒಂದೇ ಬಣ್ಣದ ಬೆಳಕು ಬೇಕು. ಸಾಮಾನ್ಯವಾಗಿ ಬಳಸುವ ಹೀಲಿಯಂ ದೀಪದ ಹಳದಿ ಬೆಳಕಿನ ತರಂಗಾಂತರ 587.6 ನ್ಯಾನೋಮೀಟರ್. ಅದರ ಅರ್ಧ ಸುಮಾರು 0.294 ಮೈಕ್ರಾನ್, ಪಕ್ಕಪಕ್ಕದ ಎರಡು ಕಪ್ಪು ಪಟ್ಟೆಗಳ ನಡುವೆ ಗಾಳಿಯ ದಪ್ಪ ಬದಲಾಗುವುದು ಇಷ್ಟೇ.

ಪರೀಕ್ಷೆಗೆ ಮುನ್ನ ಎರಡೂ ಮುಖಗಳನ್ನು ಆಲ್ಕೋಹಾಲಿನಿಂದ ಒರೆಸಿ, ಎಳೆ ಬಿಡದ ಬಟ್ಟೆ ಅಥವಾ ಕಾಗದದಿಂದ ಒಣಗಿಸಬೇಕು. ಆಮೇಲೆ ಬಿಲ್ಲೆಯನ್ನು ಉಜ್ಜದೆ, ಮೆಲ್ಲಗೆ ಗೇಜಿನ ಮೇಲಿಡಬೇಕು. ಪಟ್ಟೆಗಳು ತೀರಾ ಒತ್ತಾಗಿದ್ದರೆ ನಡುವೆ ಧೂಳು ಸಿಕ್ಕಿರುವ ಸಂಭವವೇ ಹೆಚ್ಚು; ಬಿಲ್ಲೆಯನ್ನು ಎತ್ತಿ ಮತ್ತೆ ಒರೆಸಬೇಕು. ಕೈಯ ಬಿಸಿಯಿಂದಲೂ ಉಕ್ಕು ಹಿಗ್ಗಿ ಪಟ್ಟೆಗಳು ಸೊಟ್ಟಗಾಗುತ್ತವೆ. ಅವು ಅಲುಗಾಡದೆ ನಿಲ್ಲುವವರೆಗೆ ಕಾಯಬೇಕು. ನೋಡುವ ಕಣ್ಣು ನೇರ ಮೇಲಿರಬೇಕು. ಓರೆಯಾಗಿ ನೋಡಿದರೆ ಒಂದು ಪಟ್ಟೆಯ ಬೆಲೆಯೇ ಬದಲಾಗುತ್ತದೆ: ಲಂಬದಿಂದ 60 ಡಿಗ್ರಿ ವಾಲಿದರೆ ಅದು ಅರ್ಧ ತರಂಗಾಂತರವಾಗಿರದೆ ಪೂರ್ತಿ ಒಂದು ತರಂಗಾಂತರವಾಗುತ್ತದೆ.

ಬಿಲ್ಲೆಯ ಒಂದು ಅಂಚನ್ನು ಹಗುರವಾಗಿ ಒತ್ತಿದರೆ ಗಾಳಿಯ ಪದರ ಬೆಣೆಯ ಆಕಾರ ಪಡೆಯುತ್ತದೆ. ಮುಖ ಸಮತಟ್ಟಾಗಿದ್ದರೆ ಪಟ್ಟೆಗಳು ನೇರವಾಗಿ, ಸಮಾಂತರವಾಗಿ, ಸಮ ಅಂತರದಲ್ಲಿ ಬೀಳುತ್ತವೆ. ಪಟ್ಟೆಗಳು ಎಷ್ಟಿವೆ ಎಂಬುದು ಬೆಣೆಯ ಓರೆಯನ್ನಷ್ಟೇ ಹೇಳುತ್ತದೆ. ಮುಖದ ದೋಷ ತಿಳಿಯುವುದು ಅವುಗಳ ಬಾಗಿನಿಂದ.

30 ಮಿ.ಮೀ. ಉದ್ದ, 9 ಮಿ.ಮೀ. ಅಗಲದ ಮುಖವಿರುವ ಒಂದು ಗೇಜನ್ನು ಹೀಲಿಯಂ ಬೆಳಕಿನಲ್ಲಿ ನೋಡಲಾಗುತ್ತಿದೆ ಎನ್ನೋಣ. ಉದ್ದದ ಒಂದು ಅಂಚಿನ ಕಡೆ ಬಿಲ್ಲೆಯನ್ನು ಒತ್ತಿದಾಗ ಪಟ್ಟೆಗಳು ಗೇಜಿನ ಉದ್ದಕ್ಕೂ, 3 ಮಿ.ಮೀ. ಅಂತರದಲ್ಲಿ ಹಾಯ್ದಿವೆ. ಒಂದು ಪಟ್ಟೆಯ ಎರಡು ತುದಿಗಳ ಮೇಲೆ ನೇರ ಗೆರೆಯನ್ನು ಕಲ್ಪಿಸಿಕೊಂಡರೆ, ಪಟ್ಟೆಯ ನಡುಭಾಗ ಅದರಿಂದ 0.6 ಮಿ.ಮೀ. ಸರಿದಿದೆ. ಅಂದರೆ ಬಾಗು ಅಂತರದ ಐದನೇ ಒಂದು ಪಾಲು. ದೋಷ 0.294ರ ಐದನೇ ಒಂದು ಪಾಲು, ಸುಮಾರು 0.06 ಮೈಕ್ರಾನ್. ಐಎಸ್‌ಒ 3650 ಮಾನಕದಲ್ಲಿ 150 ಮಿ.ಮೀ.ವರೆಗಿನ ಗೇಜುಗಳಿಗೆ ಸಮತಟ್ಟಿನ ಮಿತಿ ಕೆ ದರ್ಜೆಗೆ 0.05, 0 ದರ್ಜೆಗೆ 0.10 ಮೈಕ್ರಾನ್. ಹಾಗಾಗಿ ಉದ್ದದ ದಿಕ್ಕಿನಲ್ಲಿ ಈ ಮುಖ 0 ದರ್ಜೆಗೆ ಸಲ್ಲುತ್ತದೆ, ಕೆ ದರ್ಜೆಗೆ ಸಲ್ಲದು. ಅಗಲದ ದಿಕ್ಕನ್ನು ನೋಡಲು ಗಿಡ್ಡ ಅಂಚಿನ ಕಡೆ ಒತ್ತಿ ಇದನ್ನೇ ಪುನರಾವರ್ತಿಸಬೇಕು.

ದೋಷ ಉಬ್ಬೋ ತಗ್ಗೋ ಎಂಬುದನ್ನು ಸ್ಪರ್ಶದ ಅಂಚು ಹೇಳುತ್ತದೆ. ಪಟ್ಟೆಯ ತುದಿಗಳು ಬಿಲ್ಲೆ ಗೇಜಿಗೆ ತಾಗಿರುವ ಅಂಚಿನ ಕಡೆಗೆ ಬಾಗಿದ್ದರೆ ಮುಖದ ನಡುಭಾಗ ಉಬ್ಬಿದೆ. ಆ ಅಂಚಿನಿಂದ ದೂರಕ್ಕೆ ಬಾಗಿದ್ದರೆ ನಡುಭಾಗ ತಗ್ಗಾಗಿದೆ. ಪ್ರತಿ ಪಟ್ಟೆಯೂ ಗಾಳಿಯ ದಪ್ಪ ಒಂದೇ ಆಗಿರುವ ಜಾಗಗಳನ್ನು ಜೋಡಿಸುವ ಗೆರೆ. ನಡು ಉಬ್ಬಿದ ಮುಖದ ಬದಿಗಳಲ್ಲಿ ಗಾಳಿ ಹೆಚ್ಚು ದಪ್ಪವಾಗಿರುವುದರಿಂದ, ಅದೇ ದಪ್ಪ ಅಲ್ಲಿ ಸ್ಪರ್ಶದ ಅಂಚಿಗೆ ಇನ್ನೂ ಹತ್ತಿರದಲ್ಲೇ ಸಿಗುತ್ತದೆ. ಪಟ್ಟೆಯ ತುದಿ ಆ ಕಡೆ ಬಾಗುವುದು ಅದಕ್ಕೇ.

ಈ ವಿಧಾನಕ್ಕೆ ಮಿತಿಗಳಿವೆ. ಬೆಳಕನ್ನು ಪ್ರತಿಫಲಿಸುವಷ್ಟು ನಯವಾದ ಮುಖಕ್ಕೆ ಮಾತ್ರ ಇದು ಒಗ್ಗುತ್ತದೆ. ಗ್ರೈಂಡ್ ಮಾಡಿ ಬಿಟ್ಟ ಒರಟು ಮುಖದಲ್ಲಿ ಪಟ್ಟೆಗಳು ಸರಿಯಾಗಿ ಮೂಡುವುದಿಲ್ಲ. ಹೀಗೆ ನೋಡಿದಾಗ ತಿಳಿಯುವುದು ಸಮತಟ್ಟು ಮಾತ್ರ, ಗೇಜಿನ ಉದ್ದವಲ್ಲ. ಅದೂ ಬಿಲ್ಲೆಯ ಮುಖಕ್ಕೆ ಹೋಲಿಸಿದ ಸಮತಟ್ಟು. ಬಿಲ್ಲೆಯಲ್ಲೇ ಗೀರು ಅಥವಾ ಸವೆತ ಇದ್ದರೆ ಅದೂ ಗೇಜಿನ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಬಿಲ್ಲೆಯನ್ನು ಗೇಜಿನ ಮೇಲೆ ಎಂದೂ ಎಳೆಯಬಾರದು, ಎತ್ತಿಯೇ ತೆಗೆಯಬೇಕು, ಮತ್ತು ಕಾಲಕಾಲಕ್ಕೆ ಅದನ್ನೂ ಪರೀಕ್ಷೆಗೆ ಒಳಪಡಿಸಬೇಕು.