ಸೂತ್ರ ಹಾಕುವ ಮುನ್ನ ಚಿತ್ರ ಓದಿ

ಪರೀಕ್ಷೆ ಹತ್ತಿರವಾದಂತೆ ಪಿಯುಸಿ ವಿಜ್ಞಾನದ ಮಕ್ಕಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಸ್ಕ್ರೀನ್‌ಶಾಟ್‌ಗಳ ಪೈಕಿ ಈ ಬಗೆಯ ಚಿತ್ರವೊಂದು ಇದ್ದೇ ಇರುತ್ತದೆ. ಎಡಗಡೆ ಒಂದು ಕಟ್ಟಡ. ಅದರ ತಾರಸಿಯ ಅಂಚಿನಿಂದ ಓರೆಯಾಗಿ ಮೇಲಕ್ಕೆ ಹೊರಟ ಒಂದು ಬಾಣದ ಗುರುತು, ಅದರ ಪಕ್ಕ u = 20 m/s. ಬಾಣದ ಬುಡದಲ್ಲಿ, ತಾರಸಿಗೆ ಸಮನಾಗಿ ಎಳೆದ ಅಡ್ಡಗೆರೆಗೆ ತಾಗಿಕೊಂಡು 30° ಎಂಬ ಕೋನ. ಕಟ್ಟಡದ ಪಕ್ಕ h = 15 m. ಚುಕ್ಕಿಗೆರೆಯೊಂದು ಮೇಲೇರಿ, ಬಾಗಿ, ಬಲಗಡೆಯ ನೆಲವನ್ನು ಮುಟ್ಟುತ್ತದೆ. ನೆಲದುದ್ದಕ್ಕೂ ಎರಡೂ ಕಡೆ ಮೊನೆಯಿರುವ ಗೆರೆಗೆ R ಎಂದೂ, ನೆಲದಿಂದ ಚುಕ್ಕಿಗೆರೆಯ ತುದಿಯವರೆಗಿನ ಲಂಬಗೆರೆಗೆ H ಎಂದೂ ಹೆಸರು. ಚೆಂಡು ಎಷ್ಟು ದೂರ ಹೋಗಿ ಬಿದ್ದಿತು, ಎಷ್ಟು ಎತ್ತರ ಏರಿತು ಎನ್ನುವುದು ಪ್ರಶ್ನೆ.

ಪ್ರೊಜೆಕ್ಟೈಲ್ ಪಾಠ ಓದಿದ ಯಾರಿಗೇ ಆದರೂ ಎರಡು ಸೂತ್ರ ಬಾಯಿಗೆ ಬಂದಿರುತ್ತವೆ: ದೂರಕ್ಕೆ u² sin 2θ / g, ಎತ್ತರಕ್ಕೆ u² sin² θ / 2g. ಗುರುತ್ವ ವೇಗೋತ್ಕರ್ಷ g ಅನ್ನು 10 ಎಂದಿಟ್ಟು ಅಂಕಿಗಳನ್ನು ತುಂಬಿದರೆ ದೂರ 34.6 ಮೀಟರ್, ಎತ್ತರ 5 ಮೀಟರ್ ಎಂದು ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಪ್ರಶ್ನೆ ಹೆಣೆದವರಿಗೆ ಕಸುಬು ಗೊತ್ತಿದ್ದರೆ ಈ ಎರಡೂ ಸಂಖ್ಯೆಗಳು ಆಯ್ಕೆಗಳ ಪಟ್ಟಿಯಲ್ಲಿ ಕಾದು ಕುಳಿತಿರುತ್ತವೆ. ಎರಡೂ ತಪ್ಪು.

ಸೂತ್ರಗಳೇನೂ ಸುಳ್ಳಲ್ಲ. ಆದರೆ ಅವು ಒಂದು ಷರತ್ತಿನ ಮೇಲೆ ನಿಂತಿವೆ, ಆ ಷರತ್ತನ್ನು ಸೂತ್ರದ ಜೊತೆ ಬಾಯಿಪಾಠ ಮಾಡಿದವರು ಕಡಿಮೆ. ದೂರದ ಸೂತ್ರ ಹೊಂದುವುದು ಎಸೆದ ಮಟ್ಟಕ್ಕೇ ವಸ್ತು ಮರಳಿ ಬಂದಾಗ ಮಾತ್ರ. ಎತ್ತರದ ಸೂತ್ರ ಹೇಳುವುದು ಎಸೆದ ಬಿಂದುವಿನಿಂದ ಮೇಲಕ್ಕೆ ಎಷ್ಟು ಎಂಬುದನ್ನು, ನೆಲದಿಂದ ಎಷ್ಟು ಎಂಬುದನ್ನಲ್ಲ. ನಮ್ಮ ಚಿತ್ರದಲ್ಲಿ ಎಸೆದದ್ದು ತಾರಸಿಯಿಂದ, ಬಿದ್ದದ್ದು ನೆಲಕ್ಕೆ. ಹಾಗಾಗಿ ಮೊದಲು ನೋಡಬೇಕಾದದ್ದು ಪ್ರಶ್ನೆಯ ಸಾಲನ್ನಲ್ಲ, R ಮತ್ತು H ಎಂದು ಬರೆದ ಗೆರೆಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂಬುದನ್ನು. ಕೆಲವು ಪುಸ್ತಕಗಳಲ್ಲಿ H ಗೆರೆ ತಾರಸಿಯ ಮಟ್ಟದಿಂದಲೇ ಮೇಲಕ್ಕೆ ಹೋಗಿರುತ್ತದೆ. ಆಗ 5 ಮೀಟರೇ ಸರಿಯುತ್ತರ. ಅಕ್ಷರ ಒಂದೇ, ಗೆರೆಯ ಬುಡ ಬೇರೆ, ಉತ್ತರವೂ ಬೇರೆ.

ಈಗ ಲೆಕ್ಕಕ್ಕೆ ಬರೋಣ. ಇದರ ಗುಟ್ಟನ್ನು 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಪುಸ್ತಕದಲ್ಲಿ ಗೆಲಿಲಿಯೊ ಬಿಡಿಸಿಟ್ಟ. ಎಸೆದ ವಸ್ತುವಿನ ಚಲನೆಯನ್ನು ಎರಡಾಗಿ ಬಿಡಿಸಿ ನೋಡಬಹುದು. ಅಡ್ಡ ದಿಕ್ಕಿನಲ್ಲಿ ಅದನ್ನು ಎಳೆಯುವವರೂ ಇಲ್ಲ, ತಡೆಯುವವರೂ ಇಲ್ಲ, ಆದ್ದರಿಂದ ವೇಗ ಬದಲಾಗುವುದಿಲ್ಲ. ಲಂಬ ದಿಕ್ಕಿನಲ್ಲಿ ಭೂಮಿ ಎಡೆಬಿಡದೆ ಕೆಳಕ್ಕೆ ಎಳೆಯುತ್ತಿರುತ್ತದೆ. ಈ ಎರಡು ಚಲನೆಗಳು ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ. ಎರಡಕ್ಕೂ ಸಾಮಾನ್ಯವಾದದ್ದು ಗಡಿಯಾರ ಮಾತ್ರ.

20 m/s ವೇಗವನ್ನು 30 ಡಿಗ್ರಿಯಲ್ಲಿ ಬಿಡಿಸಿದರೆ ಅಡ್ಡ ಪಾಲು 20 cos 30°, ಅಂದರೆ 17.32 m/s. ಮೇಲಕ್ಕೆ ಹೋಗುವ ಪಾಲು 20 sin 30°, ಅಂದರೆ 10 m/s. ಇನ್ನು ಮೇಲೆ ಕೋನವನ್ನು ಮರೆತುಬಿಡಬಹುದು, ಅದರ ಕೆಲಸ ಇಲ್ಲಿಗೆ ಮುಗಿಯಿತು.

ಲಂಬ ಚಲನೆಯನ್ನು ಹಿಡಿಯೋಣ. ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮೇಲಕ್ಕೆ ಹೊರಟಿದೆ. ಭೂಮಿಯ ಎಳೆತಕ್ಕೆ ಪ್ರತಿ ಸೆಕೆಂಡಿಗೆ 10 m/s ವೇಗ ಕಳೆದುಹೋಗುತ್ತದೆ. ಅಂದಮೇಲೆ ಒಂದು ಸೆಕೆಂಡಿಗೆ ಅದರ ಮೇಲ್ಮುಖ ವೇಗ ಸೊನ್ನೆಯಾಗುತ್ತದೆ, ಅದೇ ತುತ್ತತುದಿ. ಆ ಒಂದು ಸೆಕೆಂಡಿನಲ್ಲಿ ವೇಗ 10ರಿಂದ 0ಗೆ ಸಮನಾಗಿ ಇಳಿದಿರುವುದರಿಂದ ಸರಾಸರಿ 5 m/s, ಏರಿದ ಎತ್ತರ 5 ಮೀಟರ್. ತಾರಸಿಯ 15 ಸೇರಿಸಿದರೆ ನೆಲದಿಂದ 20 ಮೀಟರ್. ಚಿತ್ರದಲ್ಲಿ H ಎಂದು ಕೇಳಿದ್ದು ಇದನ್ನೇ.

ತುದಿಯಿಂದ ನೆಲಕ್ಕೆ 20 ಮೀಟರ್ ಬೀಳಬೇಕು. ನಿಂತಲ್ಲಿಂದ ಬಿಟ್ಟ ವಸ್ತು t ಸೆಕೆಂಡಿನಲ್ಲಿ ½gt² ಬೀಳುತ್ತದೆ. 5t² = 20, ಆದ್ದರಿಂದ t = 2. ಏರಲು ಒಂದು ಸೆಕೆಂಡು, ಇಳಿಯಲು ಎರಡು, ಒಟ್ಟು ಮೂರು ಸೆಕೆಂಡು ಚೆಂಡು ಗಾಳಿಯಲ್ಲಿತ್ತು. ಈ ಮೂರು ಸೆಕೆಂಡೂ ಅದು ಅಡ್ಡಕ್ಕೆ 17.32 m/s ವೇಗದಲ್ಲೇ ಸಾಗಿದೆ. ದೂರ 17.32 × 3 = 51.96, ಸುಮಾರು 52 ಮೀಟರ್.

ಹಾಗಿದ್ದರೆ ಮೊದಲು ಬಂದ 34.6 ಮೀಟರ್ ಎಲ್ಲಿಯದು? ಎರಡು ಸೆಕೆಂಡು ಕಳೆದಾಗ ಚೆಂಡು ಇಳಿಯುತ್ತಾ ತಾರಸಿಯ ಮಟ್ಟಕ್ಕೆ ಬಂದಿರುತ್ತದೆ, ಆಗ ಅದು ಸಾಗಿರುವುದು ಸರಿಯಾಗಿ ಅಷ್ಟು ದೂರ. ಸೂತ್ರ ಹೇಳಿದ ಜಾಗ ನಿಜವಾಗಿಯೂ ಇದೆ, ಆದರೆ ಅಲ್ಲಿ ನೆಲವಿಲ್ಲ. ಚೆಂಡಿನ್ನೂ ನೆಲದಿಂದ 15 ಮೀಟರ್ ಮೇಲಿದೆ.

ಉತ್ತರವನ್ನು ತಾಳೆ ನೋಡಲು ನನಗೆ ಇಷ್ಟವಾದ ದಾರಿಯೊಂದಿದೆ. ಸಮಯದ ಗೊಡವೆಯೇ ಇಲ್ಲದೆ ಹಾದಿಯ ಆಕಾರವನ್ನು ಹೇಳುವ ಸಮೀಕರಣ y = x tan θ − gx² / (2u² cos² θ). ಎಸೆದ ಬಿಂದುವೇ ಸೊನ್ನೆ ಎಂದುಕೊಂಡು x ಜಾಗದಲ್ಲಿ 51.96 ಹಾಕಿ. ಮೊದಲ ಪದ 30, ಎರಡನೆಯದು 45. ಕಳೆದರೆ −15. ಎಸೆದ ಜಾಗಕ್ಕಿಂತ 15 ಮೀಟರ್ ಕೆಳಗೆ, ಅಂದರೆ ನೆಲ. ಈ ಋಣಚಿಹ್ನೆ ಬಾರದಿದ್ದರೆ ಎಲ್ಲೋ ಎಡವಿದ್ದೀರಿ ಎಂದೇ ಅರ್ಥ.

ಚಿತ್ರದಲ್ಲಿ ಎಡವುವ ಇನ್ನೊಂದು ಜಾಗ ಕೋನ. ಅದನ್ನು ಅಡ್ಡಗೆರೆಯಿಂದ ಅಳೆದಿದ್ದಾರೋ, ಲಂಬಗೆರೆಯಿಂದಲೋ? ಸಣ್ಣ ಪರದೆಯಲ್ಲಿ ಕೋನದ ಕಮಾನು ಯಾವ ಗೆರೆಯನ್ನು ಮುಟ್ಟಿದೆ ಎಂಬುದು ಸುಲಭಕ್ಕೆ ಕಾಣುವುದಿಲ್ಲ, ಹಿಗ್ಗಿಸಿಯೇ ನೋಡಬೇಕು. ಸಮತಟ್ಟಾದ ನೆಲದ ಲೆಕ್ಕದಲ್ಲಿ ಈ ತಪ್ಪು ಚೆನ್ನಾಗಿ ಅಡಗಿ ಕೂರುತ್ತದೆ. 30 ಡಿಗ್ರಿಗೂ 60 ಡಿಗ್ರಿಗೂ sin 2θ ಒಂದೇ ಆದ್ದರಿಂದ ದೂರ ಎರಡರಲ್ಲೂ ಒಂದೇ ಬರುತ್ತದೆ. ಕೋನ ತಪ್ಪಾಗಿ ಓದಿದವನಿಗೂ ಅಂಕ ಸಿಗುತ್ತದೆ, ಎತ್ತರ ಕೇಳಿದಾಗಲೇ ಬಣ್ಣ ಬಯಲಾಗುವುದು. ಕಟ್ಟಡ ಬಂದೊಡನೆ ಈ ರಿಯಾಯಿತಿ ಇಲ್ಲ. ನಮ್ಮದೇ ಚಿತ್ರದಲ್ಲಿ 30° ಲಂಬಗೆರೆಯಿಂದ ಅಳೆದದ್ದಾಗಿದ್ದರೆ ಅಡ್ಡ ಪಾಲು 10, ಲಂಬ ಪಾಲು 17.32 ಆಗಿ, ಚೆಂಡು ನೆಲದಿಂದ 30 ಮೀಟರ್ ಏರಿ, 41.8 ಮೀಟರ್ ದೂರದಲ್ಲೇ ಬೀಳುತ್ತಿತ್ತು.

ಚಿತ್ರವನ್ನು ಕಣ್ಣಳತೆಯಿಂದ ನಂಬುವುದೂ ಕೂಡದು. ಪ್ರಶ್ನೆಪತ್ರಿಕೆಯ ಚಿತ್ರಗಳನ್ನು ಅಳತೆಗೆ ಸರಿಯಾಗಿ ಬಿಡಿಸಿರುವುದು ಅಪರೂಪ. ಪಾಠದ ಚಿತ್ರಗಳಲ್ಲಿ ಚೆಂಡು ಸಾಮಾನ್ಯವಾಗಿ ವಿಪರೀತ ಎತ್ತರಕ್ಕೆ ಹಾರುತ್ತದೆ. ಸಮತಟ್ಟಾದ ನೆಲದಲ್ಲಿ 45 ಡಿಗ್ರಿಯಲ್ಲಿ ಎಸೆದರೂ ಏರುವ ಎತ್ತರ ಸಾಗಿದ ದೂರದ ಕಾಲು ಪಾಲು ಮಾತ್ರ. 30 ಡಿಗ್ರಿಗೆ ಅದು ಏಳನೇ ಒಂದು ಪಾಲಿನಷ್ಟು. ಪರದೆಯ ಮೇಲೆ ಕೋನಮಾಪಕ ಇಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಚಿತ್ರ ಹೇಳುವುದು ಯಾವುದು ಎಲ್ಲಿದೆ ಎಂಬುದನ್ನು, ಎಷ್ಟು ಎಂಬುದನ್ನು ಹೇಳುವುದು ಅದರ ಮೇಲೆ ಬರೆದ ಅಂಕಿ.

45 ಡಿಗ್ರಿಯ ಮಾತು ಬಂದದ್ದರಿಂದ ಒಂದು ಸ್ವಾರಸ್ಯ ಹೇಳಲೇಬೇಕು. ಅತಿ ದೂರ ಎಸೆಯಲು 45 ಡಿಗ್ರಿಯೇ ಸರಿ ಎಂದು ಇಟಲಿಯ ತಾರ್ತಾಲಿಯ 1537ರಲ್ಲೇ, ಫಿರಂಗಿಗಳ ವಿಷಯವಾಗಿ ಬರೆದಿದ್ದ. ನೆಲದಿಂದ ನೆಲಕ್ಕಾದರೆ ಅದು ನಿಜ. ನಮ್ಮ ತಾರಸಿಯಿಂದ ಅದೇ ಚೆಂಡನ್ನು ಅದೇ ವೇಗದಲ್ಲಿ 45 ಡಿಗ್ರಿಗೆ ಎಸೆದರೆ ಅದು ಬೀಳುವುದು 51.6 ಮೀಟರಿನಲ್ಲಿ, 30 ಡಿಗ್ರಿಯ ಎಸೆತಕ್ಕಿಂತ ಸ್ವಲ್ಪ ಹಿಂದೆ! ಇಲ್ಲಿ ಅತಿ ದೂರ ಹೋಗುವ ಕೋನ ಸುಮಾರು 37 ಡಿಗ್ರಿ, ದೂರ 52.9 ಮೀಟರ್. ಕೆಳಗೆ ಬೀಳಲು ಹೇಗೂ ಸಮಯವಿರುವುದರಿಂದ ಎತ್ತರಕ್ಕೆ ಅಷ್ಟು ವೇಗ ಖರ್ಚು ಮಾಡುವ ಬದಲು ಅಡ್ಡಕ್ಕೆ ಕೊಟ್ಟರೆ ಲಾಭ ಹೆಚ್ಚು. ಗುಂಡು ಎಸೆತದ ಕ್ರೀಡಾಪಟುಗಳು 45ಕ್ಕಿಂತ ಕಡಿಮೆ ಕೋನದಲ್ಲಿ ಎಸೆಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಗುಂಡು ಹೊರಡುವುದು ಭುಜದ ಮೇಲಿಂದ, ಬೀಳುವುದು ನೆಲಕ್ಕೆ.

ಇನ್ನು ಸ್ಕ್ರೀನ್‌ಶಾಟಿಗೇ ಅಂಟಿದ ತೊಂದರೆಗಳು. ಡಿಗ್ರಿಯ ಪುಟ್ಟ ಸೊನ್ನೆ ಮಸುಕಾಗಿ 30° ಎಂಬುದು 300 ಆಗಿ ಕಾಣುತ್ತದೆ. ಬಾಣದ ಪಕ್ಕದ ಏಕಮಾನ km/h ಆಗಿದ್ದರೆ ಅದನ್ನು 3.6ರಿಂದ ಭಾಗಿಸಬೇಕಾದದ್ದು ಮರೆತುಹೋಗುತ್ತದೆ. ಮೊಬೈಲಿನ ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದ್ದರೆ sin 30 ಎಂದು ಒತ್ತಿದಾಗ 0.5 ಬದಲು −0.988 ಬರುತ್ತದೆ. ಇದು ಋಣಸಂಖ್ಯೆಯಾಗಿರುವುದರಿಂದ ಕಣ್ಣಿಗೆ ಬೀಳುತ್ತದೆ, ಆದರೆ cos 30 ಒತ್ತಿದರೆ 0.154 ಎಂಬ ಸಾಧುವಾದ ಸಂಖ್ಯೆ ಬಂದು ಸದ್ದಿಲ್ಲದೆ ಲೆಕ್ಕದೊಳಗೆ ನುಗ್ಗುತ್ತದೆ. ಲೆಕ್ಕ ಶುರುಮಾಡುವ ಮುನ್ನ ಒಮ್ಮೆ sin 30 ಒತ್ತಿ ನೋಡುವುದು ಒಳ್ಳೆಯ ಅಭ್ಯಾಸ. g ಅನ್ನು 10 ಎಂದುಕೊಳ್ಳಬೇಕೋ 9.8 ಎಂದೋ ಎಂಬ ಸೂಚನೆ ಹೆಚ್ಚಾಗಿ ಪತ್ರಿಕೆಯ ತಲೆಭಾಗದಲ್ಲಿರುತ್ತದೆ, ಸ್ಕ್ರೀನ್‌ಶಾಟ್ ಕತ್ತರಿಸುವಾಗ ಮೊದಲು ಹೋಗುವುದು ಅದೇ. ನಮ್ಮ ಲೆಕ್ಕದಲ್ಲಿ 9.8 ಹಾಕಿದರೆ ದೂರ 52.8, ಎತ್ತರ 20.1 ಮೀಟರ್ ಆಗುತ್ತದೆ. ಆಯ್ಕೆಗಳು ಹತ್ತಿರ ಹತ್ತಿರ ಇದ್ದಾಗ ಇಷ್ಟು ವ್ಯತ್ಯಾಸವೇ ಸಾಕು.

ಇಷ್ಟೆಲ್ಲ ಸರಿಮಾಡಿದರೂ 52 ಮೀಟರ್ ಎಂಬುದು ಗಾಳಿಯೇ ಇಲ್ಲದ ಲೋಕದ ಉತ್ತರ. ಕ್ರಿಕೆಟ್ ಚೆಂಡನ್ನು ನಿಜವಾಗಿ ಹೀಗೆ ಎಸೆದರೆ ಗಾಳಿಯ ತಡೆಯಿಂದ ಅದು ಹಿಂದೆಯೇ ಬೀಳುತ್ತದೆ, ಇಳಿಯುವ ಹಾದಿ ಏರುವ ಹಾದಿಗಿಂತ ಕಡಿದಾಗುತ್ತದೆ. ಟೆನಿಸ್ ಚೆಂಡಾದರೆ ಹಗುರವಾದ್ದರಿಂದ ಇನ್ನೂ ಹಿಂದೆ. ಪ್ರಶ್ನೆಯಲ್ಲಿ ಗಾಳಿಯ ತಡೆಯನ್ನು ಗಣಿಸಬೇಡಿ ಎಂಬ ಸಾಲು ಇರುವುದು ಇದಕ್ಕೇ.

ಮಕ್ಕಳಿಗೆ, ಮತ್ತು ರಾತ್ರಿ ಹತ್ತಕ್ಕೆ ಅವರ ಪ್ರಶ್ನೆಗೆ ಉತ್ತರಿಸಲು ಕೂರುವ ಅಪ್ಪ ಅಮ್ಮ, ಮೇಷ್ಟರುಗಳಿಗೆ ಒಂದು ವಿನಂತಿ. ಇಂಥ ಲೆಕ್ಕದ ಸ್ಕ್ರೀನ್‌ಶಾಟ್ ಕಳಿಸುವಾಗ ಚಿತ್ರವನ್ನಷ್ಟೇ ಕತ್ತರಿಸಿ ಕಳಿಸಬೇಡಿ. ಮೇಲಿನ ಸೂಚನೆ, ಕೆಳಗಿನ ನೆಲದ ಗೆರೆ, R ಮತ್ತು H ಗೆರೆಗಳ ಎರಡೂ ತುದಿಗಳು ಅದರಲ್ಲಿರಲಿ. ಬಿಡಿಸುವವರು ಮೊದಲು ಆ ಚಿತ್ರವನ್ನು ಕಾಗದದ ಮೇಲೆ ತಮ್ಮ ಕೈಯಾರೆ ಮತ್ತೊಮ್ಮೆ ಬರೆದು, ಎಸೆದ ಮಟ್ಟ ಮತ್ತು ಬಿದ್ದ ಮಟ್ಟಕ್ಕೆ ಎರಡು ಅಡ್ಡಗೆರೆ ಎಳೆಯಲಿ. ಎರಡೂ ಒಂದೇ ಗೆರೆಯಾದರೆ ಬಾಯಿಪಾಠದ ಸೂತ್ರ ಸಾಕು. ಬೇರೆ ಬೇರೆಯಾದರೆ ವೇಗವನ್ನು ಎರಡು ಪಾಲು ಮಾಡಿ, ಮೊದಲು ಸಮಯ ಹುಡುಕಿ.