ಹಸಿರು ಚುಕ್ಕೆಯ ಹಿಂದಿನ ಲೆಕ್ಕ

ಪರೀಕ್ಷೆ ಹತ್ತಿರ ಬಂತೆಂದರೆ ಕಾಲೇಜು ಆಫೀಸುಗಳಲ್ಲಿ ಹಾಜರಿ ಪಟ್ಟಿಯದೇ ಮಾತು. ರಾಜ್ಯದ ಹಲವು ಪದವಿ ಕಾಲೇಜುಗಳಲ್ಲಿ ಶೇ 75ರಷ್ಟು ಹಾಜರಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಅರವತ್ತು ಮಕ್ಕಳ ಹೆಸರು, ಪಕ್ಕದಲ್ಲಿ ಶೇಕಡಾವಾರು ಹಾಜರಿ ಇರುವ ಎಕ್ಸೆಲ್ ಹಾಳೆಯಲ್ಲಿ ಯಾರು ಪಾರು, ಯಾರಿಗೆ ಎಚ್ಚರಿಕೆ ಕೊಡಬೇಕು, ಯಾರು ಹೊರಗೆ ಎಂಬುದು ಒಂದೇ ನೋಟಕ್ಕೆ ಕಾಣಬೇಕು. ಹಸಿರು, ಹಳದಿ, ಕೆಂಪು ಚುಕ್ಕೆಗಳಿಗಿಂತ ಸುಲಭದ ಉಪಾಯ ಇನ್ನೊಂದಿಲ್ಲ.

ಆ ಚುಕ್ಕೆಗಳನ್ನು ಹಾಳೆಗೆ ತರಲು ಎರಡು ದಾರಿಗಳಿವೆ. ಒಂದು, ಎಕ್ಸೆಲ್‌ನ ಒಳಗೇ ಇರುವ ಐಕಾನ್ ಸೆಟ್. 2007ರ ಆವೃತ್ತಿಯಲ್ಲಿ ಬಂದ ಈ ಸೌಲಭ್ಯ ಕಂಡೀಷನಲ್ ಫಾರ್ಮ್ಯಾಟಿಂಗ್‌ನ ಒಂದು ಭಾಗ. ಇನ್ನೊಂದು, ಫೋನಿನಲ್ಲಿ ದಿನವಿಡೀ ಬಳಸುವ ಇಮೋಜಿಯನ್ನೇ ಸೆಲ್‌ಗೆ ಹಾಕುವುದು. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆದರೆ ಐಕಾನ್ ಎಂಬುದು ಸಂಖ್ಯೆಯ ಮೇಲೆ ಹಾಸಿದ ಪಾರದರ್ಶಕ ಹಾಳೆ ಇದ್ದಂತೆ. ಕೆಳಗಿನ ಸಂಖ್ಯೆ ಹಾಗೇ ಇರುತ್ತದೆ, ಸೆಲ್‌ಗೆ ಐಕಾನ್ ಇರುವುದೇ ಗೊತ್ತಿಲ್ಲ. ಇಮೋಜಿ ಹಾಗಲ್ಲ, ಅದು ‘ಅ’ ‘ಆ’ಗಳಂತೆ ಒಂದು ಅಕ್ಷರ, ಸೆಲ್‌ನ ಒಳಗಿನ ಸರಕು. ಎರಡರ ಗುಣ, ದೋಷಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಮೊದಲು ಐಕಾನ್ ಸೆಟ್ ನೋಡೋಣ. ಹಾಜರಿಯ ಕಾಲಂ ಆಯ್ದುಕೊಂಡು, Conditional Formatting ಒತ್ತಿ, Icon Sets ಕೆಳಗೆ ಮೂರು ದೀಪಗಳ ಸಾಲನ್ನು ಆರಿಸಿದರೆ ಕಾಲಂ ತುಂಬ ಬಣ್ಣದ ಚುಕ್ಕೆಗಳು ಮೂಡುತ್ತವೆ. ಇಷ್ಟು ಸಲೀಸಾಗಿ ಬಂದದ್ದನ್ನು ಯಾರೂ ಅನುಮಾನಿಸುವುದಿಲ್ಲ. ಅನುಮಾನಿಸಬೇಕಾದ್ದು ಇಲ್ಲೇ.

ಎಕ್ಸೆಲ್ ತಾನಾಗಿ ಇಟ್ಟುಕೊಳ್ಳುವ ಗಡಿಗಳು 67 ಮತ್ತು 33 ಪರ್ಸೆಂಟ್. ಇದನ್ನು ಓದಿದವರು 67ಕ್ಕಿಂತ ಹೆಚ್ಚು ಹಾಜರಿ ಇದ್ದರೆ ಹಸಿರು ಎಂದುಕೊಳ್ಳುತ್ತಾರೆ. ನಿಜಕ್ಕೂ ಆ ಪರ್ಸೆಂಟ್ ಹಾಜರಿಯದ್ದಲ್ಲ. ಪಟ್ಟಿಯಲ್ಲಿರುವ ಅತಿ ಕಡಿಮೆ ಸಂಖ್ಯೆಯಿಂದ ಅತಿ ಹೆಚ್ಚಿನ ಸಂಖ್ಯೆಯವರೆಗಿನ ಅಂತರವನ್ನು ಎಕ್ಸೆಲ್ ಅಳೆಯುತ್ತದೆ. ಆ ಅಂತರದ ಮೇಲಿನ ಮೂರನೇ ಒಂದು ಭಾಗ ಹಸಿರು, ನಡುವಿನದು ಹಳದಿ, ಕೆಳಗಿನದು ಕೆಂಪು.

ಲೆಕ್ಕ ಹಾಕಿ ನೋಡಿದರೆ ಅಪಾಯ ತಿಳಿಯುತ್ತದೆ. ಒಂದು ಸೆಕ್ಷನ್‌ನಲ್ಲಿ ಅತಿ ಕಡಿಮೆ ಹಾಜರಿ 58, ಅತಿ ಹೆಚ್ಚು 98 ಎಂದುಕೊಳ್ಳಿ. ಅಂತರ 40. ಅದರ 67 ಪರ್ಸೆಂಟ್ ಎಂದರೆ 26.8, 58ಕ್ಕೆ ಕೂಡಿದರೆ 84.8. ಕೆಳಗಿನ ಗಡಿ 71.2. ಅಂದರೆ ಶೇ 84 ಹಾಜರಿ ಇರುವ ಹುಡುಗಿಗೂ ಹಳದಿ, ನಿಯಮದ ಪ್ರಕಾರ ಹೊರಗಿರಬೇಕಾದ ಶೇ 72ರ ಹುಡುಗನಿಗೂ ಅದೇ ಹಳದಿ. ಪಕ್ಕದ ಸೆಕ್ಷನ್‌ನಲ್ಲಿ ಎಲ್ಲರೂ 80ರಿಂದ 96ರೊಳಗೆ ಇದ್ದಾರೆ ಎನ್ನಿ. ಅಲ್ಲಿ ಕೆಂಪಿನ ಗಡಿ ಶೇ 85ರ ಆಸುಪಾಸಿಗೆ ಏರುತ್ತದೆ. ಒಬ್ಬರಿಗೂ ಹಾಜರಿ ಕೊರತೆ ಇಲ್ಲದ ತರಗತಿಯಲ್ಲಿ ಕೆಂಪು ಚುಕ್ಕೆಗಳು ಕಾಣುತ್ತವೆ.

ಇನ್ನೂ ಕೆಟ್ಟ ಸಂದರ್ಭವೊಂದಿದೆ. ಅಡ್ಮಿಷನ್ ಆಗಿ ಆಮೇಲೆ ಬರುವುದನ್ನೇ ಬಿಟ್ಟ ಒಬ್ಬ ವಿದ್ಯಾರ್ಥಿಯ ಹಾಜರಿ ಶೇ 10 ಇದ್ದರೆ ಸಾಕು, ಅಂತರ 10ರಿಂದ 98ಕ್ಕೆ ಹಿಗ್ಗುತ್ತದೆ. ಹಸಿರಿನ ಗಡಿ 68.96ಕ್ಕೆ ಇಳಿಯುತ್ತದೆ. ಆಗ ಶೇ 70 ಹಾಜರಿ ಇರುವವರಿಗೂ ಹಸಿರು. ಆ ಒಬ್ಬನ ಹೆಸರನ್ನು ಪಟ್ಟಿಯಿಂದ ತೆಗೆದರೆ ಉಳಿದವರ ಬಣ್ಣಗಳು ಮತ್ತೆ ಬದಲಾಗುತ್ತವೆ. ಮುಟ್ಟದ ಸಾಲುಗಳಲ್ಲಿ ಹೀಗೆ ಬಣ್ಣ ಬದಲಾಗುವುದೇ ಗಡಿಗಳು ತಪ್ಪಾಗಿವೆ ಎಂಬುದಕ್ಕೆ ಗುರುತು.

ಸರಿಪಡಿಸಲು ಎರಡು ನಿಮಿಷ ಸಾಕು. Manage Rules ತೆರೆದು, Edit Rule ಒತ್ತಿದರೆ ಗಡಿಗಳ ಪಕ್ಕದಲ್ಲಿ Type ಎಂಬ ಕಾಲಂ ಇರುತ್ತದೆ. ಎರಡೂ ಸಾಲುಗಳಲ್ಲಿ Percent ಬದಲು Number ಆರಿಸಿ, ನಿಯಮದ ಸಂಖ್ಯೆಗಳನ್ನೇ ಬರೆಯಬೇಕು. ಸೆಲ್‌ನಲ್ಲಿ 75% ಎಂದು ಶೇಕಡಾ ಚಿಹ್ನೆಯೊಂದಿಗೆ ಕಾಣುತ್ತಿದ್ದರೆ ಒಳಗಿರುವ ಸಂಖ್ಯೆ 0.75. ಹಾಗಾಗಿ ಗಡಿಯಲ್ಲಿಯೂ 0.75 ಎಂದೇ ಬರೆಯಬೇಕು. 75 ಎಂದು ಬರೆದರೆ ಇಡೀ ತರಗತಿ ಕೆಂಪಾಗುತ್ತದೆ. ಈ ತಪ್ಪಾದರೆ ಕೂಡಲೇ ಕಣ್ಣಿಗೆ ಬೀಳುತ್ತದೆ ಎಂಬುದೊಂದು ಸಮಾಧಾನ. Percent ಮಾಡುವ ತಪ್ಪು ಹಾಗೆ ಕಣ್ಣಿಗೆ ಬೀಳುವುದಿಲ್ಲ.

ಗಡಿ ಸರಿಯಿದ್ದೂ ಜಗಳ ತರುವ ಇನ್ನೊಂದು ಸಂಗತಿ ದಶಮಾಂಶದ್ದು. 74.6 ಹಾಜರಿ ಇರುವ ಸೆಲ್‌ನಲ್ಲಿ ದಶಮಾಂಶ ಅಡಗಿಸಿದ್ದರೆ ಅದು 75% ಎಂದು ಕಾಣುತ್ತದೆ, ಚುಕ್ಕೆ ಮಾತ್ರ ಹಸಿರಾಗುವುದಿಲ್ಲ. ‘ನಂದು ಎಪ್ಪತ್ತೈದು ಇದೆಯಲ್ಲ ಸರ್’ ಎಂದು ವಿದ್ಯಾರ್ಥಿ ಕೇಳಿದಾಗ ತಪ್ಪು ಚುಕ್ಕೆಯದ್ದಲ್ಲ, ತೋರಿಸಿದ ಸಂಖ್ಯೆಯದ್ದು. ಹಾಲ್ ಟಿಕೆಟ್ ನಿರ್ಧರಿಸುವ ಹಾಳೆಯಲ್ಲಿ ಒಂದು ದಶಮಾಂಶವಾದರೂ ಕಾಣುವಂತಿರಬೇಕು.

ಈಗ ಇಮೋಜಿಯ ಸರದಿ. ಪಕ್ಕದ ಕಾಲಂನಲ್ಲಿ ಒಂದು ಫಾರ್ಮುಲಾ ಬರೆದರೆ ಕೆಲಸ ಮುಗಿಯಿತು:

```
=IF(B2>=0.75,"🟢",IF(B2>=0.7,"🟡","🔴"))
```

ಇಲ್ಲಿ ಗಡಿಗಳು ಬರೆದವರ ಕಣ್ಣಮುಂದೆಯೇ ಇವೆ, ಅಡಗಿರುವ ಅಂತರದ ಲೆಕ್ಕವಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಗಡಿ ಇದ್ದರೂ ತೊಂದರೆಯಿಲ್ಲ. ಆ ಗಡಿಯನ್ನು ಇನ್ನೊಂದು ಕಾಲಂನಲ್ಲಿಟ್ಟು 0.75ರ ಬದಲು C2 ಎಂದು ಬರೆದರಾಯಿತು. ಐಕಾನ್ ಸೆಟ್‌ನಲ್ಲಿ ಇದು ನೇರವಾಗಿ ಸಾಧ್ಯವಿಲ್ಲ. ಸಾಲಿನಿಂದ ಸಾಲಿಗೆ ಸರಿಯುವ ವಿಳಾಸವನ್ನು ಗಡಿಯಾಗಿ ಅದು ಒಪ್ಪುವುದಿಲ್ಲ. ಹಾಜರಿಯಿಂದ ಗಡಿಯನ್ನು ಕಳೆದ ವ್ಯತ್ಯಾಸಕ್ಕೆ ಬೇರೆ ಕಾಲಂ ಮಾಡಿ, ಸೊನ್ನೆಯನ್ನು ಗಡಿಯಾಗಿಟ್ಟು ಐಕಾನ್ ಹಾಕಬೇಕಾಗುತ್ತದೆ.

ಆದರೆ ಈ ಫಾರ್ಮುಲಾದಲ್ಲಿಯೂ ಒಂದು ಗುಂಡಿಯಿದೆ, ಐಕಾನ್‌ನದ್ದಕ್ಕಿಂತ ಆಳವಾದದ್ದು. ಎಕ್ಸೆಲ್‌ನಲ್ಲಿ ಸಂಖ್ಯೆ ಮತ್ತು ಅಕ್ಷರಗಳನ್ನು ಹೋಲಿಸಿದರೆ ಯಾವಾಗಲೂ ಅಕ್ಷರವೇ ದೊಡ್ಡದು. ಬೇರೆ ತಂತ್ರಾಂಶದಿಂದ ಹಾಜರಿಯನ್ನು ತಂದು ಅಂಟಿಸಿದಾಗ ಕೆಲವು ಸೆಲ್‌ಗಳಲ್ಲಿ 58% ಎಂಬುದು ಸಂಖ್ಯೆಯಾಗಿರದೆ ಬರೀ ಅಕ್ಷರಗಳ ಸಾಲಾಗಿ ಕೂತಿರುತ್ತದೆ. ಅದು 0.75ಕ್ಕಿಂತ ದೊಡ್ಡದೇ ಎಂದು ಫಾರ್ಮುಲಾ ಕೇಳಿದರೆ ಎಕ್ಸೆಲ್ ಹೌದು ಎನ್ನುತ್ತದೆ, ಹಸಿರು ಚುಕ್ಕೆ ಬೀಳುತ್ತದೆ. ಗೈರು ಎಂದು AB ಬರೆದ ಸೆಲ್‌ಗೂ ಹಸಿರೇ. ಖಾಲಿ ಸೆಲ್ ಸೊನ್ನೆಯೆಂದು ಲೆಕ್ಕಕ್ಕೆ ಬಂದು ಕೆಂಪಾಗುತ್ತದೆ. ಐಕಾನ್ ಸೆಟ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ: ಸಂಖ್ಯೆಯಲ್ಲದ ಸೆಲ್‌ಗೂ ಖಾಲಿ ಸೆಲ್‌ಗೂ ಅದು ಚುಕ್ಕೆಯನ್ನೇ ಹಾಕುವುದಿಲ್ಲ. ಬೇರೇನೂ ಮಾಡದ ಹಾಳೆಯಲ್ಲಿ ಸಂಖ್ಯೆಗಳು ಸೆಲ್‌ನ ಬಲಕ್ಕೆ, ಅಕ್ಷರಗಳು ಎಡಕ್ಕೆ ಅಂಟಿಕೊಳ್ಳುತ್ತವೆ. ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿದರೆ ಎಡಕ್ಕೆ ನಿಂತ ಕಳ್ಳರು ಸಿಗುತ್ತಾರೆ. ಫಾರ್ಮುಲಾದಲ್ಲಿಯೇ ಕಾವಲು ಹಾಕುವುದು ಇನ್ನೂ ಕ್ಷೇಮ:

```
=IF(ISNUMBER(B2),IF(B2>=0.75,"🟢",IF(B2>=0.7,"🟡","🔴")),"❓")
```

ಸಂಖ್ಯೆಯೇ ಇಲ್ಲದ ಕೆಲಸಗಳಲ್ಲಿ ಮಾತ್ರ ಇಮೋಜಿಗೆ ಸಾಟಿಯಿಲ್ಲ. ಮನೆ ಕಟ್ಟಿಸುವವರ ಪಟ್ಟಿಯಲ್ಲಿ ‘ಪ್ಲಂಬಿಂಗ್: ಮುಗಿದಿದೆ, ಟೈಲ್ಸ್: ಬಾಕಿ’ ಎಂದಷ್ಟೇ ಇದ್ದರೆ ಐಕಾನ್ ಸೆಟ್ ಕೈಕಟ್ಟಿ ಕೂರುತ್ತದೆ, ಅದಕ್ಕೆ ಸಂಖ್ಯೆಯೇ ಬೇಕು. ಇಲ್ಲಿ ‘🟢 ಮುಗಿದಿದೆ’, ‘🔴 ಬಾಕಿ’ ಎಂಬ ಆಯ್ಕೆಗಳನ್ನು ಡ್ರಾಪ್‌ಡೌನ್ ಆಗಿ ಇಟ್ಟುಬಿಡುವುದು ಒಳ್ಳೆಯದು. ಹಾಗೆ ಮಾಡದೆ ಕೈಗೆ ಬಿಟ್ಟರೆ ಒಬ್ಬರು ಕೆಂಪು ವೃತ್ತ ಹಾಕುತ್ತಾರೆ, ಇನ್ನೊಬ್ಬರು ❌ ಹಾಕುತ್ತಾರೆ. ಬಾಕಿ ಎಷ್ಟೆಂದು COUNTIF ಎಣಿಸುವಾಗ ಅರ್ಧ ಕೆಲಸಗಳು ಲೆಕ್ಕದಿಂದಲೇ ಬಿದ್ದುಹೋಗುತ್ತವೆ.

ಹಾಳೆ ಒಂದು ಕಂಪ್ಯೂಟರ್ ಬಿಟ್ಟು ಹೊರಟಾಗ ಪರಿಸ್ಥಿತಿ ಬೇರೆ. ಗೂಗಲ್ ಶೀಟ್ಸ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಬಣ್ಣಗಳಿವೆ, ಐಕಾನ್ ಸೆಟ್ ಇಲ್ಲ. ಎಕ್ಸೆಲ್‌ನಲ್ಲಿ ಅಂದವಾಗಿ ಸಿದ್ಧವಾದ ಪಟ್ಟಿ ಅಲ್ಲಿಗೆ ಹೋದಾಗ ಚುಕ್ಕೆಗಳು ಇರುವುದಿಲ್ಲ. ಸಾಲುಗಳನ್ನು ಕಾಪಿ ಮಾಡಿ ಪಠ್ಯವಾಗಿ ವಾಟ್ಸ್‌ಆ್ಯಪ್ ಗ್ರೂಪಿಗೆ ಅಂಟಿಸಿದರೂ ಅಷ್ಟೇ. ಇಮೋಜಿ ಮಾತ್ರ ಅಕ್ಷರವಾದ್ದರಿಂದ ಜೊತೆಯಲ್ಲೇ ಹೋಗುತ್ತದೆ.

ಇಮೋಜಿಯ ಪ್ರಯಾಣದಲ್ಲಿಯೂ ವಿಘ್ನಗಳಿವೆ. ಕೆಂಪು ವೃತ್ತ 2010ರಲ್ಲೇ ಯುನಿಕೋಡ್‌ಗೆ ಸೇರಿತು. ಹಸಿರು ಮತ್ತು ಹಳದಿ ವೃತ್ತಗಳು ಬಂದದ್ದು 2019ರಲ್ಲಿ. ಹಳೆಯ ಫೋನು, ಹಳೆಯ ವಿಂಡೋಸ್‌ಗಳಲ್ಲಿ ಕೆಂಪು ಮೂಡಿ, ಹಸಿರಿನ ಜಾಗದಲ್ಲಿ ಖಾಲಿ ಚೌಕ ಕಾಣುವುದಕ್ಕೆ ಇದೇ ಕಾರಣ. ವಿಂಡೋಸ್‌ನ ಹಳೆಯ ಎಕ್ಸೆಲ್‌ಗಳಂತೂ ಇಮೋಜಿಯನ್ನು ಕಪ್ಪು-ಬಿಳುಪಿನಲ್ಲೇ ತೋರಿಸುತ್ತವೆ. ಸಾದಾ CSV ಆಗಿ ಉಳಿಸಿದರೆ ಇಮೋಜಿಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದರೆ ಅವಕ್ಕೂ ಅದೇ ಗತಿ. ಉಳಿಸುವಾಗ CSV UTF-8 ಎಂಬ ಆಯ್ಕೆ ಹುಡುಕಬೇಕು.

ಬಣ್ಣ ಹೋದರೂ ಅರ್ಥ ಉಳಿಯಬೇಕೆಂಬುದು ಬರೀ ಯಂತ್ರಗಳ ವಿಷಯವಲ್ಲ. ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದವರು ಹೆಚ್ಚಾಗಿ ಗಂಡಸರು. ಯುರೋಪಿಯನ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರು. ಒಂದೇ ಆಕಾರದ ಮೂರು ವೃತ್ತಗಳು ಅವರಿಗೆ ಏನನ್ನೂ ಹೇಳುವುದಿಲ್ಲ. ಲೇಸರ್ ಪ್ರಿಂಟರ್‌ನಿಂದ ಬಂದ ಕಪ್ಪು-ಬಿಳುಪು ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಯಾರಿಗೂ ಹೇಳುವುದಿಲ್ಲ. ಐಕಾನ್ ಸೆಟ್‌ನಲ್ಲಿ ವೃತ್ತ, ತ್ರಿಕೋನ, ವಜ್ರಾಕೃತಿ ಇರುವ ಸಾಲೊಂದಿದೆ. ಅದನ್ನೇ ಆರಿಸುವುದು ಮೇಲು. ಇಮೋಜಿಯಲ್ಲಾದರೆ ✅ ಮತ್ತು ❌ ಆಕಾರದಿಂದಲೇ ಗುರುತು ಸಿಗುತ್ತವೆ.

ಎರಡೂ ದಾರಿಗಳ ಒಳ್ಳೆಯದನ್ನು ಸೇರಿಸುವ ಮೂರನೆಯದೊಂದಿದೆ, ಬಳಸುವವರು ಕಡಿಮೆ. ಹಾಜರಿಯ ಕಾಲಂ ಆಯ್ದು, Ctrl+1 ಒತ್ತಿ, Custom ಆರಿಸಿ Type ಪೆಟ್ಟಿಗೆಯಲ್ಲಿ ಹೀಗೆ ಬರೆಯಬೇಕು:

```
[>=0.75]"✅ "0.0%;[>=0.7]"🟡 "0.0%;"❌ "0.0%
```

ಸೆಲ್‌ನಲ್ಲಿ ‘✅ 76.0%’ ಎಂದು ಕಾಣುತ್ತದೆ, ಒಳಗೆ 0.76 ಎಂಬ ಸಂಖ್ಯೆಯೇ ಇರುತ್ತದೆ. ಸರಾಸರಿ ತೆಗೆಯಬಹುದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಬಹುದು. ಬೇರೆ ಕಾಲಂ ಬೇಡ. ಅಕ್ಷರವಾಗಿ ಕೂತ 58%ಕ್ಕೆ ಇದು ಯಾವ ಚಿಹ್ನೆಯನ್ನೂ ಹಾಕುವುದಿಲ್ಲ, ಹಾಗಾಗಿ ಸುಳ್ಳು ಹಸಿರಿನ ಭಯವಿಲ್ಲ. ಆದರೆ ಗಡಿಗಳು ಎರಡೇ. ನಾಲ್ಕು ಹಂತ ಬೇಕಾದವರು ಐಕಾನ್ ಸೆಟ್‌ಗೋ ಫಾರ್ಮುಲಾಕ್ಕೋ ಮರಳಬೇಕು. ಕೊರತೆಯಿರುವವರನ್ನು ಎಣಿಸಲು ❌ ಹುಡುಕಿದರೆ ಉತ್ತರ ಸೊನ್ನೆ, ಯಾಕೆಂದರೆ ಸೆಲ್‌ನಲ್ಲಿ ಅದು ಇಲ್ಲವೇ ಇಲ್ಲ. ಸಂಖ್ಯೆಯನ್ನೇ ಕೇಳಬೇಕು:

```
=COUNTIF(B2:B61,"<0.75")
```

CSV ಮಾಡುವ ಮುನ್ನ ಈ ಫಾರ್ಮ್ಯಾಟನ್ನು ತೆಗೆದು ಸಾದಾ ಶೇಕಡಾಕ್ಕೆ ತರುವುದನ್ನು ಮರೆಯಬಾರದು. ಎಕ್ಸೆಲ್ CSVಗೆ ಬರೆಯುವುದು ಒಳಗಿನ ಸಂಖ್ಯೆಯನ್ನಲ್ಲ, ಪರದೆಯಲ್ಲಿ ಕಂಡದ್ದನ್ನು. ಆ ಫೈಲನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಬೇಕಿದ್ದರೆ, ಸಂಖ್ಯೆ ಇರಬೇಕಾದ ಕಾಲಂನಲ್ಲಿ ಅದರ ಜೊತೆ ಟಿಕ್ ಗುರುತೂ ಹೋಗಿ ಕೂರುತ್ತದೆ.