ಹರಟೆಯಿಂದ ನಡಾವಳಿಗೆ

ಅಪಾರ್ಟ್‌ಮೆಂಟ್ ಸಂಘದ ಸಮಿತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೀಗೊಂದು ಮಾತುಕತೆ ನಡೆದಿದೆ ಎಂದಿಟ್ಟುಕೊಳ್ಳಿ.

ಕಾರ್ಯದರ್ಶಿ: ಮೋಟಾರ್ ಮತ್ತೆ ಮಲಗಿತು. ರಿವೈಂಡಿಂಗ್‌ಗೆ 9,500, ಹೊಸದಕ್ಕೆ 32,000 ಅಂತ ಕೊಟೇಶನ್ ಬಂದಿದೆ.
ಅಧ್ಯಕ್ಷರು: ಮುದುಕನಿಗೆ ಪೆನ್ಷನ್ ಕೊಟ್ಟು ಕಳಿಸಿ, ಹೊಸದೇ ತನ್ನಿ.
ಖಜಾಂಚಿ: ನನ್ನ ಎದೆ ಹಿಡ್ಕೊಳ್ತಾ ಇದೆ ಸ್ವಾಮಿ! ರಿಪೇರಿ ನಿಧಿಯಲ್ಲಿರೋದೇ 40,000. ಮುಂದಿನ ತಿಂಗಳು ಲಿಫ್ಟ್‌ನವರೂ ಬರ್ತಾರೆ.
ಒಬ್ಬ ಸದಸ್ಯರು: ಚರ್ಚೆ ಮಾಡ್ತಾ ಇರಿ, ನಾವು ಬಕೆಟ್ ಹಿಡ್ಕೊಂಡು ಕಾಯ್ತೀವಿ.

ಅದರ ಕೆಳಗೆ ಬೇರೆ ಬೇರೆಯವರಿಂದ ಮೂರು ಹೆಬ್ಬೆರಳು.

ಇದನ್ನು ನಡಾವಳಿ ಪುಸ್ತಕಕ್ಕೆ ಇಳಿಸುವವರು ಸಾಮಾನ್ಯವಾಗಿ ತಮಾಷೆಯನ್ನೆಲ್ಲ ಅಳಿಸಿ, ‘ಹೊಸ ಮೋಟಾರು ಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆದು ಮುಗಿಸುತ್ತಾರೆ. ಇದು ತಪ್ಪು. ಖಜಾಂಚಿಯ ಎದೆನೋವು ತಮಾಷೆ ಇರಬಹುದು, ಅದರ ಹಿಂದಿರುವ ಲೆಕ್ಕ ತಮಾಷೆಯಲ್ಲ. ಹಣ ಸಾಲದೆ ನಾಳೆ ಲಿಫ್ಟ್ ನಿಂತರೆ, ಅವರು ಮೊದಲೇ ಎಚ್ಚರಿಸಿದ್ದಕ್ಕೆ ಆ ಪುಸ್ತಕದಲ್ಲಿ ಗುರುತೇ ಇರುವುದಿಲ್ಲ. ಆದ್ದರಿಂದ ಪ್ರತಿ ನಗೆಮಾತಿನ ಮುಂದೆಯೂ ನಿಂತು, ಇದರಲ್ಲಿ ಒಂದು ಸಂಗತಿಯೋ ಸಲಹೆಯೋ ಆಕ್ಷೇಪವೋ ಇದೆಯೇ ಎಂದು ಕೇಳಿಕೊಳ್ಳಬೇಕು. ಇದ್ದರೆ ಅದನ್ನು ಉಳಿಸಿ, ನಗೆಯನ್ನು ಮಾತ್ರ ಬಿಡಬೇಕು.

ಬಕೆಟ್ಟಿನ ಮಾತು ಇನ್ನೂ ಕಷ್ಟದ್ದು. ಅದು ಬೇಗ ಕೊಳ್ಳಿ ಎಂಬ ಒತ್ತಾಯವೋ ಬರೀ ಬೇಸರವೋ ಓದಿದರೆ ಗೊತ್ತಾಗುವುದಿಲ್ಲ. ಹೆಬ್ಬೆರಳುಗಳ ಪಾಡೂ ಅದೇ: ಅಧ್ಯಕ್ಷರ ಸಲಹೆಗೆ ಒಪ್ಪಿಗೆಯೋ, ಬಕೆಟ್ಟಿನ ಹಾಸ್ಯಕ್ಕೆ ಮೆಚ್ಚುಗೆಯೋ? ಇಲ್ಲಿ ಊಹೆ ಸಲ್ಲದು. ಫೋನ್ ಮಾಡಿ ಕೇಳಬೇಕು. ಇಬ್ಬರು ಹೊಸ ಮೋಟಾರಿಗೆ ಒಪ್ಪಿದ್ದು, ಮೂರನೆಯವರು ಸುಮ್ಮನೆ ನಕ್ಕಿದ್ದು, ಬಕೆಟ್ಟಿನವರು ಯಾವ ಕಡೆಯೂ ಮಾತಾಡಿಲ್ಲದ್ದು ತಿಳಿಯಿತು ಎನ್ನೋಣ. ಆಗ ಬರಹ ಹೀಗಾಗುತ್ತದೆ:

‘ರಿವೈಂಡಿಂಗ್‌ಗೆ 9,500 ರೂ., ಹೊಸ ಮೋಟಾರಿಗೆ 32,000 ರೂ. ಕೊಟೇಶನ್ ಬಂದಿರುವುದಾಗಿ ಕಾರ್ಯದರ್ಶಿ ತಿಳಿಸಿದರು. ಹೊಸದನ್ನು ಕೊಳ್ಳುವಂತೆ ಅಧ್ಯಕ್ಷರು ಸೂಚಿಸಿದರು. ಇಬ್ಬರು ಸದಸ್ಯರು ಅನುಮೋದಿಸಿದರು. ದುರಸ್ತಿ ನಿಧಿಯಲ್ಲಿ 40,000 ರೂ. ಮಾತ್ರ ಇದ್ದು, ಮುಂದಿನ ತಿಂಗಳು ಲಿಫ್ಟ್ ನಿರ್ವಹಣೆಯ ಖರ್ಚೂ ಇದೆಯೆಂದು ಖಜಾಂಚಿ ಗಮನಕ್ಕೆ ತಂದರು. ಉಳಿದ ಸದಸ್ಯರು ಅಭಿಪ್ರಾಯ ತಿಳಿಸಲಿಲ್ಲ.’

‘ಖಜಾಂಚಿ ಗೊಣಗಿದರು’, ‘ಅಧ್ಯಕ್ಷರು ಪಟ್ಟು ಹಿಡಿದರು’ ಎಂಬಂಥ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ಬರೆಯುವವರ ಒಲವು ನುಸುಳುವುದೇ ಇಂಥ ಕ್ರಿಯಾಪದಗಳಲ್ಲಿ. ತೀರ್ಮಾನದ ಸಾಲು ಇಲ್ಲದಿರುವುದನ್ನೂ ಗಮನಿಸಿ. ಯಾರೂ ‘ಸರಿ, ಇದೇ ಆಗಲಿ’ ಎಂದು ಮುಗಿಸಿಲ್ಲ, ಹಾಗಾಗಿ ಬರೆಯುವವರೂ ಮುಗಿಸಕೂಡದು.

ಕರಡನ್ನು ಮಾತಾಡಿದವರಿಗೆಲ್ಲ ಕಳಿಸಿ ತಿದ್ದಿಸಿಕೊಳ್ಳಿ. ಮೂಲ ಸಂದೇಶಗಳನ್ನು ‘ಎಕ್ಸ್‌ಪೋರ್ಟ್ ಚಾಟ್’ ಮೂಲಕ ತೆಗೆದು ಬೇರೆಯಾಗಿ ಇಟ್ಟುಕೊಳ್ಳಿ. ಗುಂಪಿನ ಮಾತು ತಾನಾಗಿ ಸಭೆಯ ಠರಾವಾಗುವುದಿಲ್ಲ. ನಿಮ್ಮ ಸಂಘದ ಬೈಲಾ ಅದಕ್ಕೆ ಅವಕಾಶ ಕೊಡದಿದ್ದರೆ, ಮುಂದಿನ ಸಭೆಯಲ್ಲಿ ವಿಷಯವನ್ನು ಮಂಡಿಸಿ, ಕೋರಂ ನೋಡಿಕೊಂಡು, ಅಲ್ಲೇ ತೀರ್ಮಾನ ಮಾಡಿಸಿ ಅಧ್ಯಕ್ಷರ ಸಹಿ ಪಡೆಯಿರಿ.